ನಕ್ಷತ್ರದ ರ್‍ಯಾಂಕು

ವಿಜ್ಞಾನ ವಸ್ತುಪ್ರದರ್ಶನದಲ್ಲಿ ಗೆದ್ದರಷ್ಟೇ ಶಾಲೆ, ಇಲ್ಲದಿದ್ದರೆ ಕುರಿ ಕಾಯುವುದು ಎಂದು ಭರಮಮ್ಮನ ಅಪ್ಪ ಹೇಳಿಬಿಟ್ಟಿದ್ದ. ಅವಳು ನಕ್ಷತ್ರಪಟದಲ್ಲಿ ಕಾಂತಿಮಾನದ ದೊಡ್ಡ ಸಂಖ್ಯೆಗೆ ದೊಡ್ಡ ಚುಕ್ಕಿ ಇಟ್ಟಿದ್ದಳು. ಇರುಳಿನ ಆಕಾಶದಲ್ಲೇ ಅತಿ ಹೊಳೆಯುವ ನಕ್ಷತ್ರ, ಮೈನಸ್ ಒಂದೂವರೆ ಕಾಂತಿಮಾನದ ಲುಬ್ಧಕ, ಸಾಸಿವೆಯಷ್ಟಾಗಿತ್ತು.

ಪ್ರದರ್ಶನದ ದಿನ ಬೆಳಿಗ್ಗೆ ಪಟ ನೋಡಿ ಮೇಷ್ಟ್ರು ನಕ್ಕರು. "ಹಿಂದಿನವರು ನಕ್ಷತ್ರಕ್ಕ ರ್‍ಯಾಂಕ್ ಕೊಟ್ಟಿದ್ರು. ಭಾಳ ಹೊಳಿಯೋವು ಒಂದನೇವು, ಕಂಡೂ ಕಾಣದಂಥವು ಆರನೇವು. ಆಮ್ಯಾಲೆ ಅಳತಿ ಮಾಡಿದ್ರ, ಇನ್ನೂ ಹೊಳಿಯೋವು ಸೊನ್ನಿ ದಾಟಿ ಮೈನಸ್ಸಿಗೆ ಹೋದ್ವು. ನಮ್ಮ ಕ್ಲಾಸಿನ್ಯಾಗ ಒಂದನೇ ರ್‍ಯಾಂಕ್ ಯಾರದ್ರಲೇ?"

"ಮಾಲಾಂದು ಸಾರ್!"

"ಕಡೀದು?"

"ಭರಮಿದು!"

"ಅದಕ್ಕ ಕಡೀದನ್ನ ದೊಡ್ಡದು ಮಾಡ್ಯಾಳ!"

ಕೋಣೆಯೆಲ್ಲ ಗೊಳ್ಳೆಂದಿತು.

"ಈಗ ತಿದ್ದತೀನ್ರಿ ಸಾರ್," ಎಂದು ಭರಮಮ್ಮ ಅಂಗಲಾಚಿದಳು. ಮೇಷ್ಟ್ರು ಪಟ ಕಿತ್ತು, ಅದರ ಬೆನ್ನಿಗೆ 'ಚಪ್ಪಲಿ ಇಲ್ಲಿ ಬಿಡಿ' ಎಂದು ಅವಳ ಕೈಯಲ್ಲೇ ಬರೆಸಿ ಬಾಗಿಲಿಗೆ ಅಂಟಿಸಿದರು. ತೀರ್ಪುಗಾರರು ಅದನ್ನು ಓದಿ, ಚಪ್ಪಲಿ ಬಿಟ್ಟು ಒಳಗೆ ಹೋದರು.

ಮರುದಿನ ಅಪ್ಪ ಅವಳನ್ನು ಕುರಿಗಳ ಹಿಂದೆ ಕಳಿಸಿದ.