ತಳದ ಪೈಪಿಗೆ ಹದಿನಾರು ಒಪ್ಪಿಗೆ

ಇಪ್ಪತ್ತನಾಲ್ಕು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಆಕೆಯನ್ನು ಮ್ಯಾನೇಜರಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿ ಆಕೆಗೆ ಸ್ವಂತ ಮನೆ ಇರಲಿಲ್ಲ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯೊಂದು ಆಫೀಸು. ಅದರಲ್ಲಿ ಒಂದು ಮೇಜು, ಬೀಗದ ಕೈಗಳ ಹಲಗೆ, ಸದಾ ಗುರ್ ಎನ್ನುವ ಫ್ಯಾನು. ಆ ಕೆಲಸ ಕೊಡಿಸಿದವನು ಆಕೆಯ ಅಣ್ಣ. ಅವನಿಗೆ ನೆಲಮಹಡಿಯಲ್ಲಿ ಒಂದು ಮನೆಯಿತ್ತು. ಅದನ್ನು ಬಾಡಿಗೆಗೆ ಕೊಟ್ಟು, ತಾನು ಬೇರೆ ಕಡೆ ಬಾಡಿಗೆಗಿದ್ದ.

ತೊಂದರೆ ಶುರುವಾದದ್ದು ನೆಲಮಹಡಿಯಲ್ಲೇ. ಮೇಲಿನ ಮನೆಗಳಲ್ಲಿ ಬಟ್ಟೆ ಒಗೆಯುವ ಹೊತ್ತಿಗೆ ಕೆಳಗಿನ ಬಚ್ಚಲಿನ ಜಾಲರಿಯಿಂದ ಕೊಳೆ ನೀರು ಗುಳುಗುಳು ಎಂದು ಮೇಲಕ್ಕೆ ಬರತೊಡಗಿತು. ಕೊಳಾಯಿಯವನು ಪೈಪಿನೊಳಗೆ ಜೋರಾಗಿ ನೀರು ಹಾಯಿಸಿ ಎರಡು ಸಲ ಸರಿಮಾಡಿದ. ಎರಡು ಸಲವೂ ತಿಂಗಳು ತುಂಬುವುದರೊಳಗೆ ಮತ್ತೆ ಅದೇ ಕಥೆ. ಅಣ್ಣನ ಬಾಡಿಗೆದಾರರು ವಾಸನೆ ತಡೆಯಲಾರದೆ ಖಾಲಿ ಮಾಡಿದರು. ಪಕ್ಕದ ಮನೆಯ ಟೈಲರಮ್ಮ ಮರಳು ತುಂಬಿದ ಚೀಲ ಹೊಲಿದು ಜಾಲರಿಯ ಮೇಲೆ ಹೇರಿಟ್ಟುಕೊಂಡಳು.

ಮೂರನೆಯ ಸಲ ಕೊಳಾಯಿಯವನು ಕ್ಯಾಮೆರಾ ತಂದ. ಉದ್ದನೆಯ ಕೇಬಲಿನ ತುದಿಯಲ್ಲಿ ದೀಪವಿದ್ದ ಪುಟ್ಟ ಕಣ್ಣು. ಅದನ್ನು ಹೊರಗಿನ ಚರಂಡಿ ಚೇಂಬರಿನಿಂದ ಒಳಗೆ ತೂರಿಸಿ, ಮ್ಯಾನೇಜರಮ್ಮನಿಗೆ ಪರದೆ ತೋರಿಸಿದ.

"ಇಲ್ನೋಡಿ ಅಮ್ಮ. ಮೇಲಿಂದ ಬರೋ ಪೈಪೆಲ್ಲಾ ಬಂದು ಸೇರೋದು ಈ ಅಡ್ಡ ಪೈಪಿಗೆ. ಇದು ನೆಲದಡಿ ಕುಸಿದಿದೆ. ನೀರು ಮುಂದೆ ಹೋಗದೆ ಇಲ್ಲೇ ನಿಲ್ತಿದೆ. ಮುಂದೆ ನೋಡಿ, ಪೈಪೇ ಇಲ್ಲ, ಬರೀ ಮಣ್ಣು."

"ಒಳಗಿಂದಾನೆ ಏನಾದ್ರೂ ಲೇಪ ಹಾಕಿ ಸರಿಮಾಡೋದು ಅಂತಾರಲ್ಲ?"

"ಪೈಪು ಇದ್ರೆ ತಾನೆ ಲೇಪ? ಇದನ್ನ ಅಗೆದು, ಇಳಿಜಾರು ಸರಿಯಾಗಿ ಕೊಟ್ಟು, ಹೊಸದು ಹಾಕ್ಲೇಬೇಕು. ತಡ ಮಾಡಿದಷ್ಟೂ ಪಾಯದ ಮಣ್ಣು ಕೊಚ್ಕೊಂಡು ಹೋಗುತ್ತೆ."

ಆಕೆ ಮೂರು ಕಡೆಯಿಂದ ಕೊಟೇಶನ್ ತರಿಸಿದಳು. ಮೂರರಲ್ಲಿ ಕಡಿಮೆಯದ್ದು ಕೂಡ ಮಾಲೀಕರ ಸಂಘದ ನಿಧಿಯನ್ನು ಎಷ್ಟೋ ಮೀರಿತ್ತು. ಇಷ್ಟು ದೊಡ್ಡ ಖರ್ಚಿಗೆ ಮೂರರಲ್ಲಿ ಎರಡು ಪಾಲು ಮಾಲೀಕರು, ಅಂದರೆ ಹದಿನಾರು ಮಂದಿ, ಬರೆದು ಒಪ್ಪಿಗೆ ಕೊಡಬೇಕೆಂದು ಸಂಘದ ನಿಯಮ. ಅಷ್ಟು ಬಂದರೆ ಒಪ್ಪದವರೂ ತಮ್ಮ ಪಾಲು ಕಟ್ಟಲೇಬೇಕು. ಆಕೆ ಸಂದೇಶ ಬರೆಯಲು ಕುಳಿತಳು.

ಆ ಮಧ್ಯಾಹ್ನವೇ ಅಣ್ಣ ಆಫೀಸಿಗೆ ಬಂದ. ಹಿಂದಿನ ವರ್ಷ ಅತ್ತಿಗೆಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಆಕೆಯನ್ನು ಒಂದು ಆರೈಕೆ ಕೇಂದ್ರದಲ್ಲಿ ಇಟ್ಟಿದ್ದ. ಆ ಖರ್ಚು ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು.

"ಪುಟ್ಟಿ, ಮನೆಗೆ ಗಿರಾಕಿ ಸಿಕ್ಕಿದ್ದಾರೆ ಕಣೆ. ಆ ಬಸ್ ಡ್ರೈವರ್ರು, ಮೊನ್ನೆ ಹೆಂಡ್ತಿ ಜೊತೆ ಬಂದು ನೋಡ್ಕೊಂಡು ಹೋದ್ರಲ್ಲ. ಮುಂದಿನ ವಾರ ನೋಂದಣಿ."

"ಒಳ್ಳೇದಾಯ್ತು," ಎಂದಳು. ಆದರೆ ಡ್ರೈವರನ ಹೆಂಡತಿ ಕಿಟಕಿಗೆ ಪರದೆ ಹಾಕಲು ಸೆರಗಿನಿಂದ ಅಳತೆ ತೆಗೆದುಕೊಂಡದ್ದನ್ನು ಆಕೆ ನೋಡಿದ್ದಳು.

"ಆ ಪೈಪಿನ ಕಾಗದ ಒಂದು ವಾರ ತಡಿ. ನೋಂದಣಿ ಆಗಿಬಿಡ್ಲಿ."

"ಅವ್ರಿಗೆ ಹೇಳಿದ್ದೀಯಾ ಅಣ್ಣ?"

ಅವನು ಬೀಗದ ಕೈಗಳ ಹಲಗೆಯನ್ನೇ ನೋಡುತ್ತ ನಿಂತ. "ಕೇಳ್ಲಿಲ್ಲ, ಹೇಳ್ಲಿಲ್ಲ."

"ಅವರು ಬಂದು ಹದಿನೈದು ದಿನಕ್ಕೆ ಬಚ್ಚಲು ಉಕ್ಕುತ್ತೆ. ಅದರ ಮೇಲೆ ನಾನೇ ಹೋಗಿ ಪಾಲು ಕಟ್ಟಿ ಅನ್ಬೇಕು. ಯಾವ ಮುಖ ಇಟ್ಕೊಂಡು ಕೇಳ್ಲಿ?"

"ನಿನ್ನ ಅತ್ತಿಗೆ ಮುಖ ನೋಡ್ಕೊಂಡು ಕೇಳು," ಎಂದ ಅಣ್ಣ. ಗದರಿಕೆಯಿರಲಿಲ್ಲ, ಬೇಡುವ ದನಿಯಿತ್ತು. ಅದೇ ಆಕೆಗೆ ಸಹಿಸಲಾಗಲಿಲ್ಲ.

ಅವನು ಹೋದ ಮೇಲೆ ಆಕೆ ಮತ್ತೆ ಅರ್ಧ ಬರೆದ ಸಂದೇಶದ ಮುಂದೆ ಕುಳಿತಳು. ಗೋಡೆಯಾಚೆ ಟೈಲರಮ್ಮ ಬಕೆಟ್ಟಿನಿಂದ ನೀರು ಎತ್ತಿ ಹೊರಗೆ ಸುರಿಯುವ ಸದ್ದು ಕೇಳುತ್ತಿತ್ತು. ಕೊನೆಗೆ ಬರೆದು ಮುಗಿಸಿದಳು.

"ಮಾಲೀಕರಿಗೆಲ್ಲ ನಮಸ್ಕಾರ. ನಮ್ಮ ಕಟ್ಟಡದ ನೆಲದಡಿಯ ಮುಖ್ಯ ಡ್ರೈನೇಜ್ ಪೈಪು ಕುಸಿದು ಒಡೆದಿದೆ. ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಜೊತೆಗೆ ಕಳಿಸಿದ್ದೇನೆ. ಎರಡು ಬಾರಿ ಶುಚಿ ಮಾಡಿಸಿದರೂ ಪ್ರಯೋಜನವಾಗಿಲ್ಲ. ಮೇಲಿನ ಮಹಡಿಗಳಲ್ಲಿ ತೊಂದರೆ ಕಾಣುತ್ತಿಲ್ಲ, ಏಕೆಂದರೆ ಎಲ್ಲರ ಮನೆಯ ನೀರೂ ನೆಲಮಹಡಿಯಲ್ಲಿ ಮೇಲೇಳುತ್ತಿದೆ. ಮೂರು ಕೊಟೇಶನ್‌ಗಳಲ್ಲಿ ನಡುವಿನದ್ದನ್ನು ಶಿಫಾರಸು ಮಾಡುತ್ತಿದ್ದೇನೆ. ಕಡಿಮೆಯದ್ದರಲ್ಲಿ ಒಡೆದ ನೆಲವನ್ನು ಮತ್ತೆ ಕಟ್ಟುವ ಖರ್ಚು ಸೇರಿಲ್ಲ. ನಿಧಿಯಲ್ಲಿರುವುದನ್ನು ಕಳೆದು, ಪ್ರತಿ ಮನೆಯ ಪಾಲಿಗೆ ಸುಮಾರು ಐದು ತಿಂಗಳ ಬಾಡಿಗೆಯಷ್ಟು ಬರುತ್ತದೆ. ಕೆಲಸಕ್ಕೆ ಮೂರು ವಾರ ಬೇಕು; ಆ ದಿನಗಳಲ್ಲಿ ಹಗಲು ನೀರು ಬಿಡಲಾಗದು. ಮುಂದಿನ ತಿಂಗಳ ಮೊದಲ ತಾರೀಖಿನೊಳಗೆ ನಿಮ್ಮ ಒಪ್ಪಿಗೆ ಬರೆದು ತಿಳಿಸಬೇಕೆಂದು ಕೋರುತ್ತೇನೆ. ತಡವಾದರೆ ಪಾಯಕ್ಕೇ ಅಪಾಯವಿದೆ."

ಎರಡು ಸಲ ಓದಿದಳು. ಸುಳ್ಳಿಲ್ಲ, ಉತ್ಪ್ರೇಕ್ಷೆಯಿಲ್ಲ. ಕಳಿಸಿದಳು. ಬೇರೆ ಯಾರಿಂದಲೋ ತಿಳಿಯುವುದು ಬೇಡವೆಂದು ಅಣ್ಣನಿಗೆ ತಾನೇ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟುಬಿಟ್ಟ.

ಸುದ್ದಿ ಬಸ್ ಡ್ರೈವರನ ಕಿವಿಗೂ ಬಿತ್ತು; ಅವನು ಮುಂಗಡ ವಾಪಸ್ ಕೇಳಿದ. ವ್ಯಾಪಾರ ಮುರಿಯಿತು.

ಒಪ್ಪಿಗೆಗಳು ತೊಟ್ಟಿಕ್ಕುವ ನಲ್ಲಿಯಂತೆ ಬಂದವು. ಮೊದಲ ವಾರ ಒಂಬತ್ತು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಮಾಲೀಕರ ವಾಟ್ಸಾಪ್ ಗ್ರೂಪಿನಲ್ಲಿ ಬರೆದರು: "ನಮ್ಮ ಮನೆಯಲ್ಲಿ ಯಾವ ತೊಂದರೆಯೂ ಇಲ್ಲ. ನಾಲ್ಕನೇ ಕೊಟೇಶನ್ ತರಿಸಿ ನೋಡೋಣ." ಅದಕ್ಕೆ ಏಳು ಜನ ಹೆಬ್ಬೆರಳೆತ್ತಿದರು. ಆಕೆ ಅವರ ಕ್ಲಿನಿಕ್ಕಿಗೇ ಹೋದಳು.

"ಡಾಕ್ಟ್ರೇ, ಬೇರು ಕೊಳೆತ ಹಲ್ಲಿಗೆ ನಾಲ್ಕು ಕೊಟೇಶನ್ ಕೇಳ್ಕೊಂಡು ಬನ್ನಿ ಅಂತ ರೋಗಿಗೆ ಹೇಳ್ತೀರಾ?"

ಅವರು ನಕ್ಕರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯೂ ನಗಲು ನೋಡಿದ. "ಚೆನ್ನಾಗಿ ಮಾತಾಡ್ತೀರಿ. ಆದ್ರೂ ಯೋಚ್ನೆ ಮಾಡೋಣ," ಎಂದು ಮತ್ತೆ ರೋಗಿಯ ಬಾಯಿಗೆ ಬಗ್ಗಿದರು.

ಮನೆಮನೆಯ ಬಾಗಿಲು ತಟ್ಟಿ ಇನ್ನು ಮೂರು ಒಪ್ಪಿಗೆ ತಂದಳು. ಪರವೂರಿನಲ್ಲಿದ್ದ ಮಾಲೀಕರು ಕರೆ ಎತ್ತಲೇ ಇಲ್ಲ. ಕೊಟ್ಟ ಗಡುವು ಮುಗಿಯಿತು. ನಡುವಿನ ಕೊಟೇಶನ್ ಕೊಟ್ಟಿದ್ದ ಕಂಟ್ರಾಕ್ಟರನ ಕೈಕಾಲು ಹಿಡಿದು ಇನ್ನಷ್ಟು ದಿನ ಕೇಳಿಕೊಂಡಳು.

ಅಷ್ಟರಲ್ಲಿ, ಒಂದು ಬೆಳಗ್ಗೆ, ಆಂಬುಲೆನ್ಸೊಂದು ಕಟ್ಟಡದ ಮುಂದೆ ನಿಂತಿತು. ಅತ್ತಿಗೆಯನ್ನು ಇಳಿಸುತ್ತಿದ್ದರು. ಅಣ್ಣ ಆರೈಕೆ ಕೇಂದ್ರವನ್ನೂ ಬಾಡಿಗೆ ಮನೆಯನ್ನೂ ಬಿಟ್ಟಿದ್ದ. ಉಳಿದದ್ದು ಮಾರಲಾಗದ ಈ ಮನೆಯೊಂದೇ.

"ಅಣ್ಣ, ಇಲ್ಲಿ ಬೇಡ. ನಮ್ಮನೇಗೆ ಕರ್ಕೊಂಡು ಬಾ."

"ನಿಮ್ಮನೆ ಇರೋ ಲಿಫ್ಟಿಲ್ಲದ ಮೂರನೇ ಮಹಡಿಗೆ ಇವಳನ್ನ ದಿನಾ ಹೊತ್ಕೊಂಡು ಹತ್ತಿಳೀಲಾ?" ಎಂದ. ತಂಗಿಯ ಮುಖ ನೋಡಲಿಲ್ಲ.

ಅಂದಿನಿಂದ ಆಕೆಯ ದಿನಚರಿಯೇ ಬದಲಾಯಿತು. ಬೆಳಗ್ಗೆ ಆಫೀಸು ತೆರೆಯುವ ಮೊದಲು ಅತ್ತಿಗೆಯ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುತ್ತಿದ್ದಳು. ಅತ್ತಿಗೆಗೆ ಎಲ್ಲ ಅರ್ಥವಾಗುತ್ತಿತ್ತು. ಎಡಗೈಯಿಂದ ನಾದಿನಿಯ ಮಣಿಕಟ್ಟು ಹಿಡಿದು, ಮೂಗು ಮುದುಡಿ, ಬಚ್ಚಲ ಕಡೆ ಕಣ್ಣು ಹೊರಳಿಸುತ್ತಿದ್ದಳು. ಒಂದು ಕಾಲದಲ್ಲಿ ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುತ್ತಿದ್ದವಳು. ಈಗಲೂ ಆ ಕಣ್ಣಿನಲ್ಲಿ ಸ್ವಲ್ಪ ತುಂಟತನ ಉಳಿದಿತ್ತು.

ಒಂದು ಭಾನುವಾರ ಎಲ್ಲ ಮನೆಗಳಲ್ಲೂ ಒಗೆತ ನಡೆದಿತ್ತು. ಬಚ್ಚಲು ಉಕ್ಕಿ, ಕೊಳೆ ನೀರು ಹೊಸ್ತಿಲು ದಾಟಿ, ಮಲಗುವ ಕೋಣೆಗೆ ನುಗ್ಗಿತು. ಅಣ್ಣ ತಂಗಿ ಇಬ್ಬರೂ ಸೇರಿ ಅತ್ತಿಗೆಯನ್ನು ಕುರ್ಚಿ ಸಮೇತ ಎತ್ತಿ ಮೆಟ್ಟಿಲ ಬಳಿ ಕೂರಿಸಿದರು. ಮೇಲಿನಿಂದ ಇಳಿದು ಬಂದ ಹಲ್ಲಿನ ಡಾಕ್ಟರು ತಟ್ಟನೆ ನಿಂತರು. ಕುರ್ಚಿಯಲ್ಲಿ ವಾಲಿ ಕುಳಿತ ಹೆಂಗಸನ್ನು, ಪ್ಯಾಂಟು ಮಡಚಿ ಕೊಳೆ ನೀರಿನಲ್ಲಿ ನಿಂತ ಅವಳ ಗಂಡನನ್ನು ನೋಡಿದರು. ಡಾಕ್ಟರ ಮನೆಯ ಬಟ್ಟೆ ಒಗೆದ ನೀರೂ ಅದರಲ್ಲಿತ್ತು. ಗೋಡೆಯ ಬದಿಯಿಂದ ದಾಟಿ ಹೋದರು. ಆ ಸಂಜೆ ಅವರ ಒಪ್ಪಿಗೆ ಬಂತು. ಅವರ ಹಿಂದೆಯೇ ಮತ್ತೊಂದು. ಹದಿನಾಲ್ಕಾಯಿತು.

ಮರುದಿನ ನೆಲ ತಿಕ್ಕುತ್ತಿದ್ದಾಗ ಅಣ್ಣ ಎಂದ, "ನನ್ನದೂ ಬರ್ಕೋ."

ಆಕೆ ಕೈ ನಿಲ್ಲಿಸಿದಳು. "ಪಾಲು ಎಲ್ಲಿಂದ ತರ್ತೀಯ?"

"ತರ್ತೀನಿ ಅಂದ್ನಾ? ಒಪ್ಪಿಗೆ ಅಂದೆ, ಅಷ್ಟೆ."

ಹದಿನೈದು. ಒಂದು ಕಡಿಮೆ. ಆಕೆ ಉಳಿದ ಒಂಬತ್ತು ಮಂದಿಗೆ ಮತ್ತೆ ಮತ್ತೆ ಬರೆದಳು, ಕರೆದಳು, ಅಂಗಲಾಚಿದಳು. ಒಬ್ಬರು ಮಗಳ ಪರೀಕ್ಷೆ ಮುಗಿಯಲಿ ಎಂದರು. ಇನ್ನೊಬ್ಬರು ಸಂದೇಶ ಓದಿದ ಗುರುತು ಕಾಣುತ್ತಿತ್ತು, ಉತ್ತರ ಕಾಣುತ್ತಿರಲಿಲ್ಲ. ಕಂಟ್ರಾಕ್ಟರ್ ಬೇರೆ ಕೆಲಸ ಹಿಡಿದು ಹೊರಟುಹೋದ.

ಅತ್ತಿಗೆಗೆ ಜ್ವರ ಬಂತು. ಆಸ್ಪತ್ರೆಯಲ್ಲಿ, ಹುಣ್ಣಿನ ನಂಜು ರಕ್ತಕ್ಕೆ ಏರಿದೆ ಎಂದರು. ಹೇಗಾಯಿತು ಎಂದು ಅಣ್ಣ ಕೇಳಿದ. ಇಂಥ ರೋಗಿಗಳಿಗೆ ಎಲ್ಲಿದ್ದರೂ ಆಗಬಹುದು ಎಂದು ಅಲ್ಲಿನ ಡಾಕ್ಟರು ತಾಳ್ಮೆಯಿಂದ ಹೇಳಿದರು. ತಂಗಿ ಆ ಮಾತನ್ನು ಹಿಡಿದುಕೊಳ್ಳಲು ನೋಡಿದಳು; ಹಿಡಿತಕ್ಕೆ ಸಿಗಲಿಲ್ಲ. ಕೆಲವೇ ದಿನಗಳಲ್ಲಿ ಅತ್ತಿಗೆ ತೀರಿಕೊಂಡಳು.

ಯಾರೋ ಗ್ರೂಪಿನಲ್ಲಿ ಸುದ್ದಿ ಹಾಕಿದರು. ಸಂತಾಪಗಳು ಒಂದರ ಹಿಂದೊಂದು ಬಂದವು. "ತುಂಬಾ ದುಃಖವಾಯಿತು. ಪೈಪಿನ ಕೆಲಸಕ್ಕೆ ನಮ್ಮ ಒಪ್ಪಿಗೆ ಇದೆ." ಎರಡೂ ಒಂದೇ ಸಾಲಿನಲ್ಲಿ. ಕರೆ ಎತ್ತದಿದ್ದವರೂ ಬರೆದರು. ಆಸ್ಪತ್ರೆಯ ಹಜಾರದಲ್ಲಿ ನಿಂತು ಆಕೆ ಅವನ್ನು ಓದಿದಳು. ರೂಢಿಯ ಬಲದಿಂದ ಮನಸ್ಸು ತನ್ನಷ್ಟಕ್ಕೇ ಎಣಿಸಿತು: ಹತ್ತೊಂಬತ್ತು. ಎಣಿಸಿದ್ದಕ್ಕೆ ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೊಸ ಕಂಟ್ರಾಕ್ಟರನ ದರ ಹಿಂದಿನದಕ್ಕಿಂತ ಹೆಚ್ಚಿತ್ತು. ಈ ಸಲ ಯಾರೂ ಚಕಾರವೆತ್ತಲಿಲ್ಲ. ಅಗೆಯುವುದು ಅಣ್ಣನ ಮನೆಯ ನೆಲದಿಂದಲೇ ಶುರುವಾಗಬೇಕಿತ್ತು. ಅವನು ಎರಡು ಚೀಲಗಳಲ್ಲಿ ಸಾಮಾನು ತುಂಬಿಕೊಂಡು ಆಫೀಸಿಗೆ ಬಂದು, ಕೀಲಿಯನ್ನು ಮೇಜಿನ ಮೇಲಿಟ್ಟ.

"ಎಲ್ಲಿಗೆ ಹೋಗ್ತೀಯ? ನಮ್ಮನೇಲಿ ಇರು ಅಣ್ಣ. ಈಗ ಹತ್ತೋದಕ್ಕೆ ಇಳಿಯೋದಕ್ಕೆ..." ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

"ಗೆಳೆಯನ ಗೋದಾಮಿನ ಹಿಂದೆ ಒಂದು ಕೋಣೆ ಇದೆ. ಸಾಕು."

"ಸಿಟ್ಟಿದ್ರೆ ಬೈದುಬಿಡು. ಹೀಗಿರಬೇಡ."

ಅವನು ಚೀಲಗಳನ್ನು ಬಾಗಿಲಲ್ಲಿ ಕೆಳಗಿಟ್ಟ. "ಸಿಟ್ಟಿಲ್ಲ ಪುಟ್ಟಿ. ನೀನು ಬರೆದದ್ದರಲ್ಲಿ ತಪ್ಪೇನಿತ್ತು? ಹುಡುಕಿ ಹುಡುಕಿ ಓದ್ದೆ, ಒಂದೂ ಸಿಗ್ಲಿಲ್ಲ. ಆದ್ರೆ ನಿನ್ನ ಜೊತೆ ಒಂದೇ ಮನೇಲಿ ಕೂತು ಊಟ ಮಾಡೋಕೆ ನನ್ನ ಕೈಲಿ ಆಗಲ್ಲ."

ಅವನು ಚೀಲಗಳನ್ನು ಎತ್ತಿಕೊಂಡು ಹೋದ. ಒಳಗೆ ಕೆಲಸದವರು ನೆಲ ಒಡೆಯಲು ಶುರುಮಾಡಿದ್ದರು. ಹಗಲು ನೀರು ನಿಲ್ಲಿಸುವ ಹೊತ್ತಾಗಿತ್ತು. ಆಕೆ ಎದ್ದು, ಮಹಡಿ ಮಹಡಿ ಹತ್ತಿ, ಒಂದೊಂದೇ ಬಾಗಿಲು ತಟ್ಟಿ ಹೇಳತೊಡಗಿದಳು.