ಓದಿಸುವ ಅಕ್ಕೋರಿಗೆ ಬಂದ ಆದೇಶ

ಆದೇಶದ ಪ್ರತಿಯನ್ನು ಓದುತ್ತ ಓದುತ್ತ ನಲಿನಿಗೆ ಮೈಯೆಲ್ಲ ಉರಿಯಿತು. ಅದರಲ್ಲಿ ಬೈಗುಳವಿರಲಿಲ್ಲ, ಹೊಗಳಿಕೆ ಇತ್ತು. ಶಾಲಾ ಪರಿವೀಕ್ಷಕಿ ನಲಿನಿಯವರ ಟಿಪ್ಪಣಿಯನ್ನು ಪರಿಶೀಲಿಸಿ, ಅದರಲ್ಲಿ ಮಾದರಿಯೆಂದು ಹೆಸರಿಸಿದ ಶಿಕ್ಷಕಿ ಮಹಮೂದಾಬೇಗಂ ಅವರನ್ನು ತಕ್ಷಣದಿಂದ ಹಾವೇರಿಯ ಕಚೇರಿಗೆ ನಿಯೋಜಿಸಲಾಗಿದೆ, ತರಬೇತಿಯ ಪುಸ್ತಕ, ಗೋಡೆಪಟ ತಯಾರಿಸಲು.

ಹಾವೇರಿ ಹೊಸ ಜಿಲ್ಲೆಯಾಗಿ ಆಗಷ್ಟೇ ವರ್ಷ ತುಂಬಿತ್ತು. ಕಚೇರಿಗೆ ಕುರ್ಚಿ ಬಂದರೆ ಮೇಜಿಲ್ಲ, ಮೇಜು ಬಂದರೆ ಬಾಗಿಲಿಗೆ ಚಿಲಕವಿಲ್ಲ ಎಂಬ ಸ್ಥಿತಿ. ಅಂಥದರಲ್ಲಿ ಜಿಲ್ಲಾ ಶಿಕ್ಷಣಾಧಿಕಾರಿ ಕೃಷ್ಣಾಜಿ ಅವಳನ್ನು ಕರೆದು, ಸಣ್ಣ ಮಕ್ಕಳಿಗೆ ಓದು ಯಾಕೆ ಬರುತ್ತಿಲ್ಲ, ಏನು ಮಾಡಬೇಕು ಎಂದು ನಾಲ್ಕು ಪುಟ ಬರೆದುಕೊಡಲು ಹೇಳಿದ್ದರು. ಜಿಲ್ಲಾ ಪಂಚಾಯತಿಯ ಸಭೆಯಲ್ಲಿ ಅದನ್ನು ಮುಂದಿಡುವುದಿತ್ತು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ನಲಿನಿ ಖುಷಿಯಿಂದ ಬ್ಯಾಡಗಿ, ರಾಣೇಬೆನ್ನೂರು ತಾಲ್ಲೂಕುಗಳ ಶಾಲೆ ಶಾಲೆ ಸುತ್ತಿದಳು.

ಸುತ್ತಿದ ಮೇಲೆ ಖುಷಿ ಇಳಿಯಿತು. ತಪಾಸಣೆಗೆ ಬಂದವರು "ಐದನೇ ಪಾಠ ತೆಗೀರಿ" ಅನ್ನುವುದು, ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುವುದು, ಬಂದವರು "ಓದು ಉತ್ತಮ" ಎಂದು ಬರೆದು ಚಹಾ ಕುಡಿದು ಹೋಗುವುದು, ಇದೇ ಅಲ್ಲಿ ನಡೆದುಬಂದ ಪದ್ಧತಿ. ಹಲಗೇರಿಯ ಹತ್ತಿರದ ಒಂದು ಶಾಲೆಯಲ್ಲಿ ಒಬ್ಬ ಹುಡುಗ ಏಳನೇ ಪಾಠದ ಪುಟ ತೆರೆದಿಟ್ಟುಕೊಂಡು ಐದನೇ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಅದೇ ಪಾಠದ ಅಕ್ಷರಗಳಿಂದ ನಲಿನಿ ಹಲಗೆಯ ಮೇಲೆ ಹೊಸದೊಂದು ವಾಕ್ಯ ಬರೆದರೆ ಇಡೀ ತರಗತಿ ಗಪ್‌ಚಿಪ್ಪು. ಒಂದನೇ ತರಗತಿ ಯಾರ ಪಾಲಿಗೆ ಅಂದರೆ, ಶಾಲೆಗೆ ಹೊಸದಾಗಿ ಬಂದ ಶಿಕ್ಷಕರ ಪಾಲಿಗೆ. ಜಾನುವಾರು ಗಣತಿಗೆಂದು ದನ ಎಣಿಸಲು, ಮತದಾರರ ಪಟ್ಟಿ ತಿದ್ದಲು ಒಬ್ಬರನ್ನು ಕಳಿಸಬೇಕಾದರೆ ಮೊದಲು ಹೋಗುವವರೂ ಅವರೇ. ಸಣ್ಣವರಲ್ಲವೇ, ನಾಲ್ಕನೆಯ ತರಗತಿಯ ಯಾವುದೋ ಹುಡುಗಿ ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಾಳೆ ಬಿಡಿ ಎಂಬ ಧಾರಾಳ.

ಕದರಮಂಡಲಗಿಯ ಆಚೆಯ ಒಂದು ಸಣ್ಣ ಊರಿನಲ್ಲಿ ಮಾತ್ರ ಬೇರೆ ಕಂಡಿತು. ಅಲ್ಲಿ ಮಹಮೂದಾಬೇಗಂ ಒಂದನೇ ತರಗತಿಯ ಮಕ್ಕಳನ್ನು ತಾವೇ ಎರಡಕ್ಕೂ ಕರೆದುಕೊಂಡು ಬಂದಿದ್ದರು. ದಿನವೂ ಪ್ರತಿಯೊಂದು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಪುಸ್ತಕದಲ್ಲಿಲ್ಲದ ಒಂದೆರಡು ಸಾಲು ಓದಿಸುತ್ತಿದ್ದರು. ಮನೆಯಲ್ಲಿ ಉರ್ದು ಆಡುವ ಮಕ್ಕಳು "ಪಾನಿ" ಅಂದರೆ ಹೊಡೆಯದೆ, ಅದನ್ನು ಒಪ್ಪಿಕೊಂಡು, ಪಕ್ಕದಲ್ಲೇ "ನೀರು" ಎಂಬ ಮಾತನ್ನೂ ಕೊಡುತ್ತಿದ್ದರು. ಆ ತರಗತಿಯಲ್ಲಿ ಬಹುಪಾಲು ಮಕ್ಕಳು ಹೊಸ ವಾಕ್ಯ ಓದಿದರು, ನಿಧಾನವಾಗಿಯಾದರೂ ಸ್ವಂತವಾಗಿ.

ನಲಿನಿ ಟಿಪ್ಪಣಿಯಲ್ಲಿ ಮುಚ್ಚುಮರೆ ಮಾಡಲಿಲ್ಲ. ಸಣ್ಣ ತರಗತಿಗಳಿಗೆ ನುರಿತ ಶಿಕ್ಷಕರನ್ನು ಕೊಡಿ, ಎರಡು ವರ್ಷ ಅದೇ ಮಕ್ಕಳ ಜೊತೆ ಇರಲಿ, ಬೇರೆ ಕೆಲಸಕ್ಕೆ ಎಳೆಯಬೇಡಿ, ತಪಾಸಣೆಯಲ್ಲಿ ಮಕ್ಕಳಿಂದ ಒಬ್ಬೊಬ್ಬರಾಗಿ, ಹಿಂದೆ ಕಂಡಿರದ ಸಾಲು ಓದಿಸಿ ನೋಡಿ ಎಂದು ಬರೆದಳು. ಬರೀ ಉಪದೇಶವಾಗದಿರಲಿ ಎಂದು ಮಹಮೂದಾಬೇಗಂ ಹೆಸರನ್ನೂ ಸೇರಿಸಿದಳು. ಅದೇ ಈಗ ಮುಳುವಾಗಿ ಕೂತಿತ್ತು.

ಆದೇಶ ಹಿಡಿದುಕೊಂಡೇ ಕೃಷ್ಣಾಜಿಯ ಕೋಣೆಗೆ ಹೋದಳು.

"ಸರ್, ಶಿಕ್ಷಕರನ್ನ ತರಗತಿ ಬಿಡಿಸಿ ಎಳೀಬ್ಯಾಡ್ರಿ ಅಂತ ಬರದೇನಿ. ನೀವು ಅವರನ್ನ ಎಳದೀರಿ."

"ಅದು ಬ್ಯಾರೆ, ಇದು ಬ್ಯಾರೆ," ಎಂದರು ಕೃಷ್ಣಾಜಿ, ಬಹಳ ಸಮಾಧಾನದಿಂದ. "ದನಾ ಎಣಸಾಕ ಕರದೇನೇನ್ರಿ? ಒಂದು ಊರಿನ ಮೂವತ್ತು ಹುಡುಗ್ರಿಗೆ ಸಿಗೂದು ಇಡೀ ಜಿಲ್ಲಾಕ್ಕ ಸಿಗಲಿ ಅಂತ ಮಾಡೇನಿ. ನಿಮ್ಮ ಮಾತನ್ನ ಪಾಲಿಸೇನಿ."

"ಆ ಮೂವತ್ತು ಹುಡುಗ್ರಿಗೆ ಯಾರು?"

"ನಾಲ್ಕನೇತ್ತಾ ಕ್ಲಾಸಿನ ಗಿರಿಯಪ್ಪ ಮಾಸ್ತರು ಎರಡೂ ನೋಡ್ಕೋತಾರ. ಸಣ್ಣ ಕ್ಲಾಸು, ಯಾರಾದ್ರೂ ನಡಸ್ತಾರ."

ಯಾರಾದರೂ! ನಾಲ್ಕು ಪುಟ ಬರೆದದ್ದೇ ಆ ಒಂದು ಮಾತನ್ನು ಸುಳ್ಳೆಂದು ತೋರಿಸಲಿಕ್ಕೆ. ಈ ಮನುಷ್ಯ ಟಿಪ್ಪಣಿ ಓದಿದ್ದಾರೆ, ಅಡಿಗೆರೆ ಹಾಕಿದ್ದಾರೆ, ತಲೆಗೆ ಮಾತ್ರ ಹಾಕಿಕೊಂಡಿಲ್ಲ.

"ಹಂಗಾದ್ರ ನಾನ ಹೋಗ್ತೇನಿ. ನನಗ ಆದೇಶ ಕೊಡ್ರಿ, ಆ ಎರಡನೇತ್ತಾ ನಾ ನಡಸ್ತೇನಿ."

ಕೃಷ್ಣಾಜಿ ನಕ್ಕರು. "ಪರಿವೀಕ್ಷಕರು ಎರಡನೇತ್ತಾ ಕಲಸೂದಂದ್ರ ಮಂದಿ ನಗತಾರ್ರಿ. ನಿಮ್ಮ ದರ್ಜಾ ಏನು, ಆ ಕೆಲಸೇನು. ಪಂಚಾಯತಿ ಸಭಾದಾಗ ಮ್ಯಾಲಿನ ಸಾಹೇಬ್ರಿಗೆ ಹೇಳಿ ಬಿಟ್ಟೇನಿ, ಈಗ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ."

ನಲಿನಿ ಹಲ್ಲು ಕಚ್ಚಿ ಹೊರಗೆ ಬಂದಳು. ಅಳು ಬಂದಿದ್ದರೆ ಒಳ್ಳೆಯದಿತ್ತು, ಬಂದದ್ದು ಸಿಟ್ಟು. ಬ್ಯಾಡಗಿಯ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೂ ಅವನ ಮೇಲೆ ಹರಿಹಾಯ್ದಳು, ಆಮೇಲೆ ಪಾಪ ಅನ್ನಿಸಿತು.

ಶಾಲೆಯಲ್ಲಿ ಮುಖ್ಯ ಗುರುಗಳು ರಾಘಣ್ಣ, ಮಹಮೂದಾಬೇಗಂ ಅವರ ಬಿಡುಗಡೆಯ ಪತ್ರ ಬರೆಯುತ್ತ ಕುಳಿತಿದ್ದರು. ಮಹಮೂದಾಬೇಗಂ ನಲಿನಿಯನ್ನು ಕಂಡು ನಮಸ್ಕಾರವನ್ನೂ ಮಾಡಲಿಲ್ಲ.

"ಬಾಯೋರ, ನನ್ನ ಹೆಸರು ಯಾಕ ಬರದ್ರಿ? ನಾ ಕೇಳಿದ್ನೇನು? ಈ ಹುಡುಗ್ರಿಗೆ ಕಾಗುಣಿತ ಈಗ ಕೈಗೆ ಹತ್ತೇತಿ, ಒತ್ತಕ್ಷರ ಇನ್ನೂ ಶುರು ಮಾಡಿಲ್ಲ. ಈಗ ಬಿಟ್ರ ಎಲ್ಲಾ ನೀರಾಗ ಹೋಮ."

"ನಿಮ್ಮನ್ನ ನೋಡಿ ಉಳದವರು ಕಲೀಲಿ ಅಂತ..."

"ಕಲಿಯೋರು ಇಲ್ಲಿಗೆ ಬಂದು ನೋಡ್ಲಿ. ನನ್ನ ಕಿತ್ತು ಅಲ್ಲಿ ಪಟಾ ಬರಸಿದ್ರ ಏನು ಬಂತು?"

ನಲಿನಿ ರಾಘಣ್ಣನ ಮೇಜಿನಿಂದ ಶಾಲಾ ಭೇಟಿಯ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ತಪಾಸಣೆಗೆ ಬಂದವರು ಸೂಚನೆ ಬರೆಯುವ ಪುಸ್ತಕ ಅದು. ಅಲ್ಲಿ ಬರೆದದ್ದನ್ನು ಮುಖ್ಯ ಗುರುಗಳು ಪಾಲಿಸಲೇಬೇಕು. ಎರಡನೇ ತರಗತಿಗೆ ಪೂರ್ಣಾವಧಿಯ ಬದಲಿ ಶಿಕ್ಷಕರು ಹಾಜರಾಗುವವರೆಗೆ ಶ್ರೀಮತಿ ಮಹಮೂದಾಬೇಗಂ ಅವರನ್ನು ಬಿಡುಗಡೆ ಮಾಡಕೂಡದು ಎಂದು ಬರೆದು ದಪ್ಪಗೆ ಸಹಿ ಹಾಕಿದಳು.

ರಾಘಣ್ಣ ಪೆನ್ನು ಕೆಳಗಿಟ್ಟರು. "ಮೇಡಂ, ಸಾಹೇಬ್ರ ಆದೇಶದ ಮ್ಯಾಲೆ ನೀವು ಬರದ್ರ... ನಿಮಗ ನೋಟೀಸು ಬರತೇತ್ರಿ. ಅಮಾನತ್ತೂ ಆಗಬಹುದು."

"ಬರ್ಲಿ. ನಿಮ್ಮ ಮ್ಯಾಲೆ ಏನೂ ಬರಂಗಿಲ್ಲ, ನನ್ನ ಸಹಿ ತೋರಸ್ರಿ."

"ಎಷ್ಟು ದಿನಾ ನಡೀತೈತಿ ಇದು?" ಎಂದರು ರಾಘಣ್ಣ.

ಅದು ಅವಳಿಗೂ ಗೊತ್ತಿರಲಿಲ್ಲ. ನಾಳೆಯೇ ಕೃಷ್ಣಾಜಿ ಇನ್ನೊಂದು ಆದೇಶ ಹೊರಡಿಸಿದರೆ ಈ ಸಹಿಗೆ ಕವಡೆ ಕಿಮ್ಮತ್ತಿಲ್ಲ. ಅದು ಗೊತ್ತಿದ್ದೂ ಮಾಡಿದ್ದಳು.

ಮಹಮೂದಾಬೇಗಂ ಧನ್ಯವಾದ ಹೇಳಲಿಲ್ಲ. ತರಗತಿಗೆ ಹೋದರು, ಬಾಗಿಲಿನಿಂದ ತಿರುಗಿ ನೋಡಿ, "ಹೊರಗ ಯಾಕ ನಿಂತೀರಿ? ಇವತ್ತಿನ ಓದು ಅರ್ಧಾ ಉಳದೇತಿ. ಕುಂದ್ರಿ, ನೀವೂ ನಾಕು ಹುಡುಗ್ರನ್ನ ಓದಸ್ರಿ" ಎಂದರು.

ನಲಿನಿ ನೆಲದ ಮೇಲೆ ಕುಳಿತಳು. ಗುಡ್ಡವ್ವ ಎಂಬ ಹುಡುಗಿ ಪಾಟಿ ಹಿಡಿದು ಬಂದು ತೊಡೆಗೆ ತೊಡೆ ಹಚ್ಚಿ ಕೂತಳು. ಸಿಟ್ಟು ಇನ್ನೂ ಇಳಿಯದ ಕೈಯಲ್ಲಿ ನಲಿನಿ ಮನಸ್ಸಿಗೆ ಬಂದದ್ದನ್ನು ಬರೆದಳು: ಕೆರೆಯ ನೀರಿಗೆ ಎಮ್ಮೆ ಇಳಿದಿದೆ.

ಹುಡುಗಿ ಬೆರಳಿಟ್ಟು ಓದಿದಳು. "ಕೆ...ರೆಯ. ಕೆರೆಯ. ನೀ...ರಿಗೆ. ನೀರಿಗೆ. ಎ..." ಬೆರಳು ನಿಂತಿತು. ಮ-ಕಾರದ ಕೆಳಗೆ ಜೋತುಬಿದ್ದ ಒತ್ತನ್ನು ಕತ್ತು ಓರೆ ಮಾಡಿ ನೋಡಿದಳು. ಊಹೆ ಮಾಡಲಿಲ್ಲ, ನಾಚಲೂ ಇಲ್ಲ.

"ಬಾಯೋರ, ಇದನ್ನ ನಮಗ ಇನ್ನೂ ಕಲಸಿಲ್ಲ," ಎಂದಳು ನಲಿನಿಗೆ, ಗೊತ್ತಿಲ್ಲದವರಿಗೆ ತಿಳಿಸಿ ಹೇಳುವಂತೆ. "ಬರೂ ವಾರ ಅಕ್ಕೋರು ಕಲಸ್ತಾರ. ಆಗ ಬರ್ರಿ, ಓದಿ ತೋರಸ್ತೇನಿ."

ಬರುವ ವಾರ ಇಲ್ಲಿ ಯಾರಿರುತ್ತಾರೋ ನಲಿನಿಗೆ ತಿಳಿದಿರಲಿಲ್ಲ. ಎಮ್ಮೆ ಒರೆಸಿ ಆ ಜಾಗದಲ್ಲಿ ಆಕಳು ಎಂದು ಬರೆದಳು.