ಗಟ್ಟಿ ಬ್ರೇಕ್

ಸೋಮವಾರ ಅಕ್ಕ ತನ್ನ ಸ್ಕೂಲ್ ವ್ಯಾನನ್ನು ನನ್ನ ಗ್ಯಾರೇಜಿಗೆ ತಂದು, "ಬ್ರೇಕ್ ಗಟ್ಟಿ ಇದೆ ಕಣೋ, ನೋಡು" ಎಂದಿದ್ದಳು. ನಾನು ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದೆ. ಗಟ್ಟಿ ಇದ್ದರೆ ನೋಡುವುದೇನು? ಇಂಜಿನ್ ಆಯಿಲ್ ಬದಲಿಸಿ, ಚೀಟಿಯಲ್ಲಿ "ಬ್ರೇಕ್ ಗಟ್ಟಿ, ಸರಿ ಇದೆ" ಎಂದು ಬರೆದು ಕಳಿಸಿದೆ.

ಗುರುವಾರ ಬೆಳಿಗ್ಗೆ ಅದೇ ವ್ಯಾನ್ ಮತ್ತೆ ಬಂತು. ಹದಿನಾಲ್ಕು ಮಕ್ಕಳನ್ನು ಹೊತ್ತು ಶಾಲೆಯ ಗೇಟಿಗೆ ಗೇಣು ದೂರದಲ್ಲಿ ನಿಂತಿತಂತೆ.

"ಎರಡೂ ಕಾಲಲ್ಲಿ ತುಳಿದೆ. ಕಲ್ಲು ತುಳಿದ ಹಾಗಿತ್ತು. ಅವತ್ತೇ ಹೇಳಿದ್ನಲ್ಲ?" ಎಂದಳು ಅಕ್ಕ.

"ಗಟ್ಟಿ ಅಂದ್ರೆ ಚೆನ್ನಾಗಿ ಹಿಡಿಯುತ್ತೆ ಅಂದ್ಕೊಂಡೆ."

"ಪೆಡಲ್ ಗಟ್ಟಿ ಮಾರಾಯ. ಮೂರೂವರೆಗೆ ಮಕ್ಕಳನ್ನ ವಾಪಸ್ ಕರ್ಕೊಂಡು ಬರ್ಬೇಕು ನಾನು."

ಮೈ ಉರಿದುಹೋಯಿತು. ಅವಳ ಮೇಲೆ ರೇಗುವಂತೆಯೂ ಇಲ್ಲ, ತಪ್ಪು ನನ್ನ ಕೈಬರಹದಲ್ಲೇ ಇತ್ತು.

ಅಷ್ಟರಲ್ಲಿ ಪಕ್ಕದಲ್ಲಿ ಎಲೆಕ್ಟ್ರಿಕ್ ಕಾರುಗಳನ್ನು ರಿಪೇರಿ ಮಾಡುವ ಗೆಳೆಯ ಬಂದ. ಅವನನ್ನು ನಾವು ಕರೆಂಟು ಎನ್ನುತ್ತೇವೆ. ಕೇಳದೆಯೇ ಸಲಹೆ ಕೊಡುವುದು ಅವನ ಚಾಳಿ.

"ಹಿಂದಿನ ಆಕ್ಸಲ್‌ದು ವಾಲ್ವ್ ಇದೆಯಲ್ಲ, ಪ್ರೆಶರ್ ಕಮ್ಮಿ ಮಾಡೋದು, ಅದನ್ನ ಬಿಚ್ಚಿ ಬಿಸಾಕು. ಹಿಂದಕ್ಕೂ ಪೂರ್ತಿ ಹೋಗ್ಲಿ, ತಾನಾಗೇ ನಿಲ್ಲುತ್ತೆ."

"ನಿನ್ನ ತಲೆ. ಬ್ರೇಕ್ ಹಾಕಿದ್ರೆ ಭಾರ ಮುಂದಕ್ಕೆ ಬೀಳುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಅದಕ್ಕೇ ಮುಂದಕ್ಕೆ ಜಾಸ್ತಿ, ಹಿಂದಕ್ಕೆ ಕಮ್ಮಿ ಹಂಚಿರೋದು. ಹಿಂದಿನದು ಮೊದಲು ಲಾಕ್ ಆದ್ರೆ ಮಕ್ಕಳ ಸಮೇತ ವ್ಯಾನ್ ಗಿರಕಿ ಹೊಡೆಯುತ್ತೆ."

"ನಮ್ದರಲ್ಲಿ ಈ ಗೋಳಿಲ್ಲಪ್ಪ. ಕಾಲು ಎಷ್ಟು ಒತ್ತಿತು ಅಂತ ಸೆನ್ಸರ್ ನೋಡುತ್ತೆ, ಮಿಕ್ಕಿದ್ದನ್ನ ಮೋಟಾರು ಒತ್ತುತ್ತೆ. ನಿಮ್ದು ಪಾಪ, ಇಂಜಿನ್ ಗಾಳಿ ಎಳೆದ್ರೆ ಉಂಟು, ಇಲ್ದಿದ್ರೆ ಇಲ್ಲ."

ಅವನು ಚುಚ್ಚಿದ್ದು ಸರಿಯಾದ ಜಾಗಕ್ಕೇ. ಇಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ತುಳಿದೆ. ಪೆಡಲಿನ ಹಿಂದೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಡಬ್ಬಿಯೊಳಗೆ ಉಳಿದಿದ್ದ ವ್ಯಾಕ್ಯೂಮ್ ಮುಗಿಯಿತು. ಹಾಗೇ ಒತ್ತಿ ಹಿಡಿದು ಇಂಜಿನ್ ಶುರು ಮಾಡಿದೆ. ಬೂಸ್ಟರ್ ಕೆಲಸ ಮಾಡುತ್ತಿದ್ದರೆ ಪೆಡಲ್ ಕಾಲಡಿಯಲ್ಲಿ ಸ್ವಲ್ಪ ಇಳಿಯಬೇಕು. ಇಳಿಯಲಿಲ್ಲ. ಒಂದು ನಿಮಿಷದ ಪರೀಕ್ಷೆ, ಸೋಮವಾರವೇ ಮಾಡಬಹುದಿತ್ತು.

ಇಂಜಿನ್‌ನಿಂದ ಬೂಸ್ಟರ್‌ಗೆ ಹೋಗುವ ಪೈಪು ಕ್ಲಾಂಪಿನ ಕೆಳಗೆ ಸೀಳಿತ್ತು. ವ್ಯಾಕ್ಯೂಮ್ ನಿಲ್ಲದಿದ್ದರೆ ಬೂಸ್ಟರ್‌ನ ಪರದೆಯನ್ನು ಹೊರಗಿನ ಗಾಳಿ ತಳ್ಳುವುದೆಲ್ಲಿಂದ ಬಂತು? ಕಾಲಿನ ಬಲವನ್ನು ಮೂರ್ನಾಲ್ಕು ಪಟ್ಟು ಮಾಡಬೇಕಾದದ್ದು ಸುಮ್ಮನೆ ಕೂತಿತ್ತು. ಹದಿನಾಲ್ಕು ಮಕ್ಕಳನ್ನು ಅಕ್ಕ ಬರೀ ತನ್ನ ಮೊಣಕಾಲಿನ ಬಲದಿಂದ ನಿಲ್ಲಿಸಿದ್ದಳು.

ಹೊಸ ಪೈಪು ತರಿಸಿ ಬದಲಿಸುವಷ್ಟರಲ್ಲಿ ಮೂರು ಗಂಟೆ. ಅಕ್ಕ ಕೂತು ಇಂಜಿನ್ ಶುರು ಮಾಡಿ ತುಳಿದು ನೋಡಿದಳು.

"ಈಗ ಮೆತ್ತಗಾಯ್ತು ನೋಡು" ಎಂದು ಸಮಾಧಾನದಿಂದ ಗೇರಿಗೆ ಕೈ ಹಾಕಿದಳು.

ನಾನು ವ್ಯಾನಿನ ಬಾಗಿಲು ತೆಗೆದೆ. ಬ್ರೇಕ್ ಆಯಿಲ್ ಪೈಪಿನಲ್ಲಿ ಗಾಳಿ ಸೇರಿ, ಬ್ರೇಕ್ ಹಿಡಿಯದೆ ಪೆಡಲ್ ತಳಕ್ಕೆ ಹೋದರೂ ನಮ್ಮವರು ಹೇಳುವುದು ಇದೇ ಮಾತು.

"ಇಳಿ."

"ಯಾಕೋ, ಹೊತ್ತಾಯ್ತು."

"ಇಳಿಯೇ ಅಕ್ಕ."

ನಾನೇ ಕೂತು ತುಳಿದೆ. ಪೆಡಲ್ ಬೆರಳಷ್ಟು ಇಳಿದು ಗಟ್ಟಿಯಾಗಿ ನಿಂತಿತು. ರಸ್ತೆಗೆ ತೆಗೆದುಕೊಂಡು ಹೋಗಿ ಮೂರು ಸಲ ನಿಲ್ಲಿಸಿದೆ, ಮೂರು ಸಲವೂ ನೇರವಾಗಿ ನಿಂತಿತು. ವಾಪಸ್ ಬಂದು ಚೀಟಿ ಎತ್ತಿಕೊಂಡೆ. ಗಟ್ಟಿ ಎಂದೋ ಮೆತ್ತಗೆ ಎಂದೋ, ಏನು ಬರೆಯಬೇಕೆಂದು ತೋಚದೆ, "ನಾನೇ ತುಳಿದು ನೋಡಿದ್ದೇನೆ" ಎಂದು ಬರೆದೆ.